45 ಚೌಕದ ಮನವಿ

ಪುತ್ತೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಉತ್ತರಕ್ರಿಯೆಯ ಕಾರ್ಡು, ಇಂಥದ್ದೇ ಕೆಲಸ. ಹೋದ ವರ್ಷ ಜೂನ್ ಕೊನೆಯ ವಾರ ಒಂದು ಮಧ್ಯಾಹ್ನ, ಪೇಟೆಯಿಂದ ಎಂಟು ಕಿಲೋಮೀಟರ್ ಆಚೆ ನಾಯಿ ಬೆಕ್ಕುಗಳ ಆಶ್ರಯ ನಡೆಸುವ ಅಕ್ಕ ಕೊಡೆ ಮಡಚುತ್ತಾ ಅಂಗಡಿಗೆ ಬಂದರು. "ನೀವು ಚೆನ್ನಾಗಿ ಬರೀತೀರಲ್ವಾ, ಒಂದು ಮನವಿ ಬರ್ಕೊಡಿ. ಅಕ್ಕಿ ಮುಗಿಯುತ್ತಾ ಬಂತು, ಮದ್ದಿನ ಅಂಗಡಿಯಲ್ಲಿ ಸಾಲ ಆಗಿದೆ" ಅಂದರು.

ನನಗೆ ಅದೇನು ದೊಡ್ಡ ಕೆಲಸ ಅನ್ನಿಸಲಿಲ್ಲ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. "ಮೂಕ ಪ್ರಾಣಿಗಳ ಮೊರೆ" ಅಂತ ಶೀರ್ಷಿಕೆ. "ಕರುಣಾಮಯಿಗಳೇ" ಅಂತ ಶುರು. ಅಕ್ಕನ ಫೋನಿನಲ್ಲಿದ್ದ ಫೋಟೋಗಳಲ್ಲಿ ಎಲ್ಲಕ್ಕಿಂತ ಘೋರವಾದದ್ದನ್ನು ಆರಿಸಿದೆ. ಕಿವಿಯ ಹಿಂದೆ ಗಾಯವಾಗಿ ಹುಳ ಬಿದ್ದ ನಾಯಿ. ಕೆಳಗೆ ಅಕ್ಕನ ತಮ್ಮನ ಫೋನ್ ನಂಬರು, "ಇದಕ್ಕೆ ಹಾಕಿ" ಅಂತ. ಗೊತ್ತಿದ್ದವರಿಗೆಲ್ಲ ಕಳಿಸಿದೆ.

ನಾಲ್ಕು ದಿನದಲ್ಲಿ ಬಂದದ್ದು 3,400 ರೂಪಾಯಿ. ಕೈಮುಗಿದ ಚಿತ್ರಗಳು ಮಾತ್ರ ಬೇಕಾದಷ್ಟು ಬಂದವು.

ಐದನೇ ದಿನ ನನ್ನ ಹಳೆಯ ಗಿರಾಕಿ, ನಿವೃತ್ತ ಮೇಷ್ಟ್ರು ಫೋನ್ ಮಾಡಿದರು. "ಅಲ್ಲ ಮಾರಾಯ್ರೆ, ಎಷ್ಟು ಬೇಕು ಅಂತಲೇ ಬರೆದಿಲ್ಲವಲ್ಲ. ನಾನು ಐನೂರು ಕೊಟ್ಟರೆ ಏನಾಗುತ್ತದೆ? ಐವತ್ತು ಸಾವಿರ ಬೇಕಿದ್ದರೆ ನನ್ನ ಐನೂರು ಯಾವ ಮೂಲೆಗೆ? ಆ ಫೋಟೋ ಬೇರೆ. ಊಟಕ್ಕೆ ಕೂತಾಗ ಬಂತು, ನನ್ನ ಹೆಂಡತಿ ಫೋನನ್ನೇ ಕವುಚಿ ಇಟ್ಟಳು."

ಅವರು ಹೇಳಿದ್ದು ಸರಿ. ನಿಜ ಹೇಳಬೇಕೆಂದರೆ ಎಷ್ಟು ಬೇಕು ಅಂತ ನನಗೇ ಗೊತ್ತಿರಲಿಲ್ಲ. ಅಕ್ಕನನ್ನು ಕೇಳಿದರೆ "ಎಷ್ಟಾದರೂ ಸಾಲದು" ಅಂದರು. ಹಾಗಾಗಿ ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಒಂದು ನೋಟ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಲ್ಲಿಗೇ ಹೋದೆ.

ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅಡುಗೆ ಕೆಲಸದ ಅಣ್ಣ ದೊಡ್ಡ ಅಲ್ಯೂಮಿನಿಯಂ ಹಂಡೆಗೆ ನುಚ್ಚಕ್ಕಿ ಸುರಿಯುತ್ತಿದ್ದ. ಪಕ್ಕದಲ್ಲೇ ಸೌದೆ ಒಲೆ ತಣ್ಣಗೆ ಬಿದ್ದಿತ್ತು, ಅದರ ಮೇಲೊಂದು ಬೆಕ್ಕು ಮಲಗಿತ್ತು. "ಸೌದೆ ಯಾಕಿಲ್ಲ?" ಅಂದೆ. "ಮಳೆಗಾಲದಲ್ಲಿ ಸೌದೆಯಿಂದ ಹೊಗೆ ಮಾತ್ರ ಬರುತ್ತದೆ. ಗೆರಟೆ, ಮಡಲು ಎಲ್ಲ ಒದ್ದೆ. ಜೂನಿಂದ ಗ್ಯಾಸೇ" ಅಂದ. ಹೋಟೆಲಿಗೆ ಕೊಡುವ ದೊಡ್ಡ ಸಿಲಿಂಡರು, 12 ದಿನಕ್ಕೊಂದು. ಅದರ ಬೆಲೆ ಅಲ್ಲಿಯ ತನಕ ಯಾರ ಲೆಕ್ಕದಲ್ಲೂ ಇರಲಿಲ್ಲ.

ಅವತ್ತು ನಾನು ಅಕ್ಕನನ್ನು ಕೇಳಿದ ಮುಖ್ಯ ಪ್ರಶ್ನೆ ಒಂದೇ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದಲ್ಲ, ಮಳೆಗಾಲದಲ್ಲೇ ಯಾಕೆ ಸಾಲುವುದಿಲ್ಲ? ಚಳಿ, ಕಾಯಿಲೆ ಅಂತ ಹೇಳಬಹುದು ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. ಬೇಸಿಗೆಯಲ್ಲಿ ಮದುವೆ ಹಾಲ್‌ಗಳಿಂದ ಮಿಕ್ಕಿದ ಅನ್ನ ಬರುತ್ತದೆ. ವಾರಕ್ಕೆ ಮೂರು ನಾಲ್ಕು ದಿನ ಒಲೆ ಹಚ್ಚುವುದೇ ಬೇಡ. ಮಂಗಳೂರಿನಿಂದ ಮೀನು ತರುವವರು ಬೂತಾಯಿ ತಲೆ, ಒಡೆದ ಮೀನು ಅಂತ ಒಂದು ಬುಟ್ಟಿ ಇಳಿಸಿ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟು ಕಡಲಿಗೆ ಇಳಿಯುವುದಿಲ್ಲ, ಬುಟ್ಟಿ ನಿಂತಿತು. ಮದುವೆಗಳು ಮೇ ಕೊನೆಗೆ ಕಡಿಮೆಯಾಗುತ್ತವೆ. ತುಳುವರ ಆಟಿ ತಿಂಗಳಲ್ಲಂತೂ ಶುಭಕಾರ್ಯವೇ ಇಲ್ಲ, ಅನ್ನವೂ ನಿಂತಿತು. ಪುಕ್ಕಟೆ ಬರುತ್ತಿದ್ದ ಎರಡೂ ಒಟ್ಟಿಗೇ ನಿಲ್ಲುತ್ತವೆ, ಅಷ್ಟೇ ಕಥೆ.

ಆಟಿಯಲ್ಲಿ ಮದುವೆ ಕಾಗದವೂ ಇಲ್ಲ, ನನ್ನ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ಹಾಗಾಗಿ ಇದು ನನಗೆ ಬೇಗ ಅರ್ಥವಾಯಿತು.

ಆಮೇಲೆ ಲೆಕ್ಕಕ್ಕೆ ಕೂತೆವು. ನಾಯಿ 52, ಬೆಕ್ಕು 14. ದಿನಕ್ಕೆ ನುಚ್ಚಕ್ಕಿ 8 ಕೆಜಿ, ಕೋಳಿ ಅಂಗಡಿಯ ಕಾಲು, ತಲೆ, ಲಿವರ್, ಚರ್ಮ ಸೇರಿ 7 ಕೆಜಿ. ಇದು ಸಾಕೇ ಅಂತ ಆಶ್ರಯಕ್ಕೆ ಬರುವ ಡಾಕ್ಟ್ರನ್ನು ಕೇಳಿದೆ. 15 ಕೆಜಿ ತೂಕದ ನಮ್ಮ ಊರು ನಾಯಿಗೆ ದಿನಕ್ಕೆ 800 ಕ್ಯಾಲೊರಿಗಿಂತ ಸ್ವಲ್ಪ ಜಾಸ್ತಿ ಬೇಕು, ನಿಮ್ಮ ಹಂಡೆ ಸುಮಾರು ಅಷ್ಟಕ್ಕೆ ಬಂದು ನಿಲ್ಲುತ್ತದೆ, ಅಕ್ಕಿ ಹೆಚ್ಚಿಸಿ ಕೋಳಿ ಕಡಿಮೆ ಮಾಡಬೇಡಿ ಅಂದರು. ಅನ್ನ ಮಾತ್ರ ಹಾಕಿದರೆ ಹೊಟ್ಟೆ ತುಂಬುತ್ತದೆ, ಆದರೆ ರೋಮ ಉದುರುತ್ತದೆ, ಗಾಯ ಬೇಗ ಮಾಯುವುದಿಲ್ಲ.

ನುಚ್ಚು ಕೆಜಿಗೆ 32ರಂತೆ 256. ಕೋಳಿ 50ರಂತೆ 350. ಬೆಕ್ಕುಗಳ ಒಣ ತಿಂಡಿ 700 ಗ್ರಾಂ, 175 ರೂಪಾಯಿ. ಗ್ಯಾಸ್ ದಿನದ ಪಾಲು 150 ಚಿಲ್ಲರೆ. ಒಟ್ಟು 930ರ ಸುಮಾರು. ಆಟಿ ಮುಗಿಯುವುದು ಆಗಸ್ಟ್ 16ಕ್ಕೆ. ಜುಲೈ 3ರಿಂದ ಹಿಡಿದರೆ ಸರಿಯಾಗಿ 45 ದಿನ. 45 ಸಲ 930, ಅಂದರೆ 41,850. ತಿಂಗಳು ತಿಂಗಳು ತಪ್ಪದೆ ಕೊಡುವ ಕೆಲವರ ದುಡ್ಡು ಕೆಲಸದ ಅಣ್ಣನ ಸಂಬಳಕ್ಕೂ ಕರೆಂಟಿಗೂ ಹೋಗುತ್ತದೆ. ಹಾಗಾಗಿ ಊಟದ ಅಷ್ಟೂ ದುಡ್ಡು ಹೊರಗಿನಿಂದಲೇ ಬರಬೇಕು.

ನಾನು ಆ ಅಂಕಿ ಬರೆದು ತೋರಿಸಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟೇನಾ?" ಅಂದರು. ಎಷ್ಟು ಅಂತ ಗೊತ್ತಿಲ್ಲದ ಸಾಲ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದಲ್ವಾ.

ಇನ್ನೊಂದು ವಿಷಯ ಅವತ್ತೇ ತೀರ್ಮಾನವಾಯಿತು. "ಅಕ್ಕಿ, ಡಾಗ್ ಫುಡ್ ಮೂಟೆ ಕೊಡಿ" ಅಂತ ಬರೆಯಬಾರದು. ಅದಕ್ಕೆ ಮೂರು ವರ್ಷದ ಹಿಂದಿನ ಒಂದು ಕಥೆ ಕಾರಣ. ಯಾರೋ ಒಬ್ಬರು ಜೂನ್ ಮೊದಲ ವಾರ ಒಣ ತಿಂಡಿಯ ಹತ್ತು ಮೂಟೆ ಇಳಿಸಿ ಹೋದರಂತೆ. ಇವರಿಗೆ ಸಂತೋಷವೋ ಸಂತೋಷ. ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒತ್ತಿ ಸಾಲಾಗಿ ಇಟ್ಟರು. ಮಳೆಗಾಲದಲ್ಲಿ ನಮ್ಮ ಕಡೆ ಸಿಮೆಂಟ್ ನೆಲವೂ ಬೆವರುತ್ತದೆ. ಜುಲೈಯಲ್ಲಿ ಐದನೇ ಮೂಟೆ ಬಿಚ್ಚಿದಾಗ ಅಡಿಯ ಕಾಳುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು, ಬೂಷ್ಟಿನ ವಾಸನೆ. ಅಡಿಯದ್ದನ್ನು ಎಸೆದು ಮೇಲಿನದ್ದನ್ನು ಹಾಕಿದರು. ವಾರ ಕಳೆಯುವಷ್ಟರಲ್ಲಿ ಮೂರು ನಾಯಿ ಊಟ ಬಿಟ್ಟವು, ಕಣ್ಣು ಹಳದಿಯಾಯಿತು. ಒಂದು ಉಳಿಯಲಿಲ್ಲ. ಬೂಷ್ಟಿನಿಂದ ಬರುವ ವಿಷ ಲಿವರ್ ಕೆಡಿಸುತ್ತದೆ, ಬೂಷ್ಟು ಕಣ್ಣಿಗೆ ಕಾಣದ ಕಡೆಯೂ ವಿಷ ಇರಬಹುದು, ಕುದಿಸಿದರೂ ಹೋಗುವುದಿಲ್ಲ ಅಂತ ಡಾಕ್ಟ್ರು ಆಮೇಲೆ ಹೇಳಿದ್ದು. ಅವತ್ತಿನಿಂದ ಇವರು ಮಳೆಗಾಲದಲ್ಲಿ ಒಂದು ವಾರದ್ದಕ್ಕಿಂತ ಜಾಸ್ತಿ ತರುವುದಿಲ್ಲ. ತಂದದ್ದೂ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ.

ಹಾಗಾದರೆ ಮೂಟೆಯೇ ಕೊಡಬೇಕು ಅನ್ನುವವರಿಗೆ ಏನು ಹೇಳುವುದು? ದಿನಸಿ ಅಂಗಡಿಯವರನ್ನು ಕೇಳಿದೆವು. ಅವರು ಒಪ್ಪಿದರು. ದಾನಿ ನೇರ ಅಂಗಡಿಗೇ ದುಡ್ಡು ಕಟ್ಟಬಹುದು, ಅಂಗಡಿಯವರು ಆಶ್ರಯದ ಹೆಸರಲ್ಲಿ ಜಮೆ ಬರೆದು ವಾರಕ್ಕೊಮ್ಮೆ ಅಕ್ಕಿ ಕೊಡುತ್ತಾರೆ. ಕೋಳಿ ಅಂಗಡಿಯಲ್ಲೂ ಹಾಗೇ ಮಾಡಿದೆವು. ಇದರಿಂದ ಇನ್ನೊಂದು ಲಾಭವಾಯಿತು. ನಮ್ಮ ಮೇಲೆ ನಂಬಿಕೆ ಇಲ್ಲದವರೂ ಕೊಡುವ ಹಾಗಾಯಿತು.

ಮದ್ದಿನ ಪಟ್ಟಿ ಇಷ್ಟು ಸಲೀಸಾಗಿ ಆಗಲಿಲ್ಲ. ಕಾಯಿಲೆ ಅಕ್ಕಿಯ ಹಾಗೆ ದಿನಕ್ಕಿಷ್ಟು ಅಂತ ಬರುವುದಿಲ್ಲವಲ್ಲ. ಡಾಕ್ಟ್ರು ಹಿಂದಿನ ಎರಡು ಮಳೆಗಾಲದ ಚೀಟಿಗಳನ್ನು ತೆಗೆಸಿದರು. ಜಾಸ್ತಿ ಖರ್ಚಾದದ್ದು ನಾಲ್ಕು ಕಡೆ: ಮರಿಗಳಿಗೆ ವಾಂತಿ ಭೇದಿ ತರುವ ಪಾರ್ವೊ, ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿ ಜ್ವರ, ಉಣುಗಿನಿಂದ ಬರುವ ಜ್ವರ, ಹುಳ ಬಿದ್ದ ಗಾಯ. ಲಸಿಕೆ ಹಾಕಿಸದೆ ಉಳಿದಿದ್ದ ನಾಯಿಗಳ ಖರ್ಚೂ ಸೇರಿ 18,150 ಅಂತ ನಿಲ್ಲಿಸಿದೆವು. ಊಟದ್ದೂ ಸೇರಿ 60,000.

ಉಣುಗು ಜ್ವರದ ವಿಷಯ ಸ್ವಲ್ಪ ಹೇಳಬೇಕು. ಮನವಿಯಲ್ಲಿ ಅದೊಂದು ಸಾಲು ಬಹಳ ಕೆಲಸ ಮಾಡಿತು. ಈ ಜ್ವರ ಬಂದ ನಾಯಿ ಮಂಕಾಗಿ ಮಲಗುತ್ತದೆ, ವಸಡು ಬಿಳುಚುತ್ತದೆ, ಕೆಲವಕ್ಕೆ ಮೂಗಲ್ಲಿ ರಕ್ತ. ಅದರಲ್ಲಿ ಹೆಚ್ಚು ಕಾಣುವ ಬಗೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. 15 ಕೆಜಿ ನಾಯಿಗೆ ದಿನಕ್ಕೆ 100 ಮಿಲಿಗ್ರಾಮಿನ ಒಂದೂವರೆ ಮಾತ್ರೆ, 28 ದಿನ, ಅಂದರೆ 42 ಮಾತ್ರೆ. ವಾರದಲ್ಲಿ ನಾಯಿ ಎದ್ದು ಬಾಲ ಆಡಿಸುತ್ತದೆ. ಅಲ್ಲಿಗೆ ದುಡ್ಡು ಮುಗಿದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಒಳಗೇ ಉಳಿದು ಮತ್ತೆ ತಲೆ ಎತ್ತುತ್ತದೆ. ಹಿಂದಿನ ವರ್ಷ ಕೆಂಪಿ ಅನ್ನುವ ನಾಯಿಗೆ ಹೀಗೇ ಆಗಿತ್ತು. "42 ಮಾತ್ರೆಯಲ್ಲಿ 11 ಕೊಟ್ಟು ನಿಲ್ಲಿಸಿದ್ದು ನಮ್ಮ ತಪ್ಪು" ಅಂತ ಅಕ್ಕ ಅವರಾಗಿಯೇ ಹೇಳಿದರು. ನಾನು ಅದನ್ನು ಹಾಗೇ ಬರೆದೆ.

ಮನೆಯಲ್ಲಿ ಉಳಿದ ಮಾತ್ರೆ ಕಳಿಸಬೇಡಿ ಅಂತಲೂ ಬರೆಯಬೇಕಾಯಿತು. ಮೊದಲ ಮನವಿಗೆ ಒಬ್ಬರು ಪ್ರೀತಿಯಿಂದ ಒಂದು ಡಬ್ಬ ಮದ್ದು ಕಳಿಸಿದ್ದರು. ಅರ್ಧದ ತಾರೀಕು ಮುಗಿದಿತ್ತು. ಉಳಿದದ್ದರಲ್ಲಿ ಜಾಸ್ತಿ ಪ್ಯಾರಸಿಟಮಾಲ್. ನಮಗೆ ತಲೆನೋವು ಇಳಿಸುವ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಲು ಸಾಕು. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತದೆ. ಕಂಬಳಿಯೂ ಬೇಡ ಅಂದೆವು. ಮಳೆಯಲ್ಲಿ ಒಣಗುವುದಿಲ್ಲ, ಎರಡು ದಿನದಲ್ಲಿ ನಾತ ಹಿಡಿದು ಚರ್ಮದ ಕಾಯಿಲೆಗೆ ಕಾರಣವಾಗುತ್ತದೆ. ಹಲಗೆ, ಅದರ ಮೇಲೆ ಗೋಣಿ ಸಾಕು. ಗೋಣಿ ಕೆಟ್ಟರೆ ಎಸೆಯಬಹುದು.

ದುಡ್ಡು ಯಾವ ಖಾತೆಗೆ ಅನ್ನುವುದರಲ್ಲಿ ಮೇಷ್ಟ್ರು ಸಹಾಯ ಮಾಡಿದರು. ತಮ್ಮನ ನಂಬರು ತೆಗೆಸಿ ಟ್ರಸ್ಟಿನ ಖಾತೆಯನ್ನೇ ಹಾಕಿಸಿದರು. ಕ್ಯೂಆರ್ ಚಿತ್ರದ ಕೆಳಗೆ ಯುಪಿಐ ಐಡಿಯನ್ನು ಅಕ್ಷರದಲ್ಲೂ ಬರೆದೆ. ಅವರದೇ ಫೋನಿಗೆ ಬಂದ ಕ್ಯೂಆರನ್ನು ಅದೇ ಫೋನಿನಲ್ಲಿ ಸ್ಕ್ಯಾನ್ ಮಾಡುವುದು ಹೇಗೆ ಅಂತ ಮೊದಲ ಸಲ ಆರು ಜನ ಕೇಳಿದ್ದರು. ಟ್ರಸ್ಟಿಗೆ 80ಜಿ ಇದೆ, ಕೊಟ್ಟದ್ದರ ಅರ್ಧಕ್ಕೆ ತೆರಿಗೆ ವಿನಾಯಿತಿ ಸಿಗುತ್ತದೆ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಮತ್ತು 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದೂ ಇಲ್ಲ. ಇದನ್ನೂ ಒಂದು ಸಾಲಿನಲ್ಲಿ ಹಾಕಿದೆ.

ಪರದೇಶದಲ್ಲಿರುವ ನಮ್ಮವರ ವಿಷಯದಲ್ಲಿ ಸ್ವಲ್ಪ ಪೇಚಾಟವಾಯಿತು. ನನ್ನ ಚಿಕ್ಕಪ್ಪನ ಮಗ ದುಬೈಯಲ್ಲಿದ್ದಾನೆ, ಪಾಸ್‌ಪೋರ್ಟ್ ಭಾರತದ್ದೇ. ಅವನು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಂತ ಆಗುವುದಿಲ್ಲ. ಅತ್ತೆಯ ಮಗ ಅಮೆರಿಕದ ಪೌರತ್ವ ತೆಗೆದುಕೊಂಡಿದ್ದಾನೆ. ಅವನು ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು, ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು. ಈ ಸಣ್ಣ ಟ್ರಸ್ಟಿಗೆ ಅದೆಲ್ಲ ಇಲ್ಲ. "ನನ್ನ ದುಡ್ಡು ಬೇಡವಾ?" ಅಂತ ಅವನಿಗೆ ಬೇಸರ. ಬೇಡ ಅಂತಲೇ ಹೇಳಿದೆ. ಆಮೇಲೆ ಅತ್ತೆ ತಮ್ಮ ಪೆನ್ಶನ್ನಿಂದ ಎರಡು ದಿನದ ಊಟ ವಹಿಸಿಕೊಂಡರು. "ಅವನಿಗೆ ಹೇಳಬೇಡ, ಮತ್ತೆ ನನಗೆ ದುಡ್ಡು ಕಳಿಸುತ್ತಾನೆ" ಅಂದರು.

ಎರಡನೇ ಮನವಿಯಲ್ಲಿ ಕರುಣಾಮಯಿಗಳೂ ಇಲ್ಲ, ಮೊರೆಯೂ ಇಲ್ಲ. ನಾನು ಕ್ಯಾಲೆಂಡರ್ ಮಾಡುವವನಾದ್ದರಿಂದ 45 ಚೌಕದ ಒಂದು ಪಟ್ಟಿ ಮಾಡಿದೆ. ಒಂದೊಂದು ಚೌಕದಲ್ಲಿ ಒಂದು ತಾರೀಕು. ಮೇಲೆ ಬರೆದದ್ದು ಇಷ್ಟು:

"ನಮ್ಮಲ್ಲಿ 52 ನಾಯಿ, 14 ಬೆಕ್ಕು ಇವೆ. ಮದುವೆ ಊಟದಲ್ಲಿ ಮಿಕ್ಕ ಅನ್ನ ಮತ್ತು ಮೀನು, ಎರಡೂ ಈಗ ನಿಂತಿವೆ. ಒಂದು ದಿನ ಎಲ್ಲರ ಊಟಕ್ಕೆ 930 ರೂಪಾಯಿ. ಒಂದು ದಿನ ನೀವು ವಹಿಸಿಕೊಂಡರೆ ಆ ಚೌಕದಲ್ಲಿ ನಿಮ್ಮ ಹೆಸರು ಬರೆಯುತ್ತೇವೆ, ಬೇಡವೆಂದರೆ ಬರೆಯುವುದಿಲ್ಲ. ಅರ್ಧ ದಿನವೂ ಆಗುತ್ತದೆ. ಮದ್ದಿಗೆ ಬೇರೆಯಾಗಿ 18,150 ಬೇಕು. ಪ್ರತಿ ಭಾನುವಾರ ಬಿಲ್ಲು ತೋರಿಸುತ್ತೇವೆ. 45 ಚೌಕ ತುಂಬಿದ ದಿನ ಊಟಕ್ಕೆ ಕೇಳುವುದನ್ನು ನಿಲ್ಲಿಸುತ್ತೇವೆ."

ಕೊನೆಯ ಸಾಲು ಅಕ್ಕನಿಗೆ ಇಷ್ಟವಾಗಲಿಲ್ಲ. "ನಿಲ್ಲಿಸುತ್ತೇವೆ ಅಂತ ಯಾಕೆ? ಜಾಸ್ತಿ ಬಂದರೆ ಬರಲಿ." ನಾನು ಹಟ ಹಿಡಿದೆ. ಕೇಳುವುದಕ್ಕೆ ಒಂದು ಕೊನೆ ಇದೆ ಅಂತ ಗೊತ್ತಾದರೆ ಜನ ಕೊಡುತ್ತಾರೆ ಅಂತ ನನ್ನ ಅಂದಾಜು. ಬ್ರಹ್ಮಕಲಶದ ರಸೀದಿ ಪುಸ್ತಕ ಎಷ್ಟು ಛಾಪಿಸಿಲ್ಲ ನಾನು.

ಫೋಟೋಕ್ಕೆ ಕೆಂಪಿಯನ್ನೇ ಹಿಡಿದೆವು. ಹಲಗೆಯ ಮೇಲೆ ಗೋಣಿ, ಗೋಣಿಯ ಮೇಲೆ ಕೆಂಪಿ, ಹಿಂದೆ ಮಾಡಿನಿಂದ ಇಳಿಯುವ ನೀರಿನ ಪರದೆ. ಅವಳು ಮೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು. ಹುಳದ ಗಾಯ ತೋರಿಸಿದಾಗ ಕಣ್ಣು ತಿರುಗಿಸಿದವರೇ ಈ ಫೋಟೋ ನೋಡಿ "ಇವಳ ಹೆಸರೇನು?" ಅಂತ ಕೇಳಿದರು. ಗೇಟು, ರಸ್ತೆ, ಬೋರ್ಡು ಯಾವುದೂ ಬೀಳದ ಹಾಗೆ ತೆಗೆದೆವು. ಅದು ಯಾಕೆಂದರೆ, ಜಾಗ ಗೊತ್ತಾದರೆ ಜನ ರಾತ್ರಿ ಮರಿ ತಂದು ಬಿಟ್ಟು ಹೋಗುತ್ತಾರೆ.

ಜುಲೈ 2ರ ಸಂಜೆ ಕಳಿಸಿದೆ. ಮೊದಲ ಚೌಕ ಮೇಷ್ಟ್ರದ್ದು. ರಾತ್ರಿ ಹತ್ತರೊಳಗೆ ಒಂಬತ್ತು ತುಂಬಿತು. ಜನರಿಗೆ ತಾರೀಕು ಬೇಕಿತ್ತು. ಮಗಳ ಹುಟ್ಟಿದ ದಿನ, ಅಪ್ಪನ ತಿಥಿ, ಮದುವೆಯಾದ ದಿನ. ಜುಲೈ 14ಕ್ಕೆ ಮೂರು ಜನ ಜಗಳಕ್ಕೆ ಬಿದ್ದರು. ಅದನ್ನು ಮೂರು ಪಾಲು ಮಾಡಿ ಉಳಿದ ದುಡ್ಡನ್ನು ಅವರನ್ನೇ ಕೇಳಿ ಮದ್ದಿಗೆ ಹಾಕಿದೆ. ಜುಲೈ 10ರ ಹೊತ್ತಿಗೆ 31 ಚೌಕ ಭರ್ತಿ. ಆಗಸ್ಟ್ ಎರಡನೇ ವಾರ ಮಾತ್ರ ಖಾಲಿ ಹೊಡೆಯುತ್ತಿತ್ತು. ಆ ದಿನಗಳಲ್ಲಿ ಯಾರೂ ಹುಟ್ಟಿಲ್ಲವೋ ಏನೋ.

ಜುಲೈ 11ರ ರಾತ್ರಿ ಗೇಟಿನ ಹೊರಗೆ ಒಂದು ರಟ್ಟಿನ ಪೆಟ್ಟಿಗೆ. ಒಳಗೆ ಐದು ಮರಿ, ಎರಡು ತಿಂಗಳಿನವು, ಪೂರ್ತಿ ಒದ್ದೆ. ಫೋಟೋದಲ್ಲಿ ಏನೂ ತೋರಿಸದಿದ್ದರೂ ಊರಿನವರಿಗೆ ಗೊತ್ತಾಗದೆ ಇರುತ್ತದೆಯೇ? ಆಶ್ರಯಕ್ಕೆ ದುಡ್ಡು ಬರುತ್ತಿದೆ ಅನ್ನುವ ಸುದ್ದಿ ಹರಡಿತ್ತು. ದುಡ್ಡು ಕೇಳಿದ್ದಕ್ಕೆ ಮರಿಯೂ ಬಂತು.

ಅಕ್ಕ ಅವುಗಳನ್ನು ಒಳಗೆ ಸೇರಿಸಲಿಲ್ಲ. ತೋಟದ ಪಂಪ್ ಶೆಡ್ಡಿನಲ್ಲಿ ಇಟ್ಟರು. ಆ ಬುದ್ಧಿ ದೊಡ್ಡ ಅನಾಹುತ ತಪ್ಪಿಸಿತು. 13ರ ಬೆಳಿಗ್ಗೆ ಒಂದು ಮರಿ ವಾಂತಿ ಮಾಡಿತು, ಮಧ್ಯಾಹ್ನಕ್ಕೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಪಾರ್ವೊ. ಸೋಂಕು ತಗುಲಿ ಕಾಯಿಲೆ ಕಾಣಿಸಲು ಮೂರರಿಂದ ಏಳು ದಿನ ಬೇಕು, ಹಾಗಾಗಿ ಇದು ಬರುವಾಗಲೇ ತಂದದ್ದು, ನಿಮ್ಮಲ್ಲಿ ಹಿಡಿದದ್ದಲ್ಲ ಅಂದರು ಡಾಕ್ಟ್ರು. ಸಂಜೆಯೊಳಗೆ ಐದೂ ಮಲಗಿದವು.

ಈ ವೈರಸ್ಸಿಗೆ ನೇರ ಮದ್ದಿಲ್ಲ. ಮೈಯಿಂದ ಹೋದ ನೀರನ್ನು ತುಂಬಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ಆ್ಯಂಟಿಬಯಾಟಿಕ್ ಕೊಟ್ಟು, ಮರಿ ತಾನೇ ಗೆಲ್ಲುವ ತನಕ ಕಾಯಬೇಕು. ಮೂರು ಕೆಜಿ ಮರಿಗೆ ಎಷ್ಟು ಡ್ರಿಪ್ ಅಂತ ಡಾಕ್ಟ್ರು ಗೋಡೆಯ ಮೇಲೆ ಇದ್ದಿಲಲ್ಲಿ ಬರೆದು ತೋರಿಸಿದರು. ಒಣಗಿದ್ದಕ್ಕೆ 240 ಮಿಲಿ, ದಿನದ ಸಾಮಾನ್ಯ ಅಗತ್ಯ 180, ಇನ್ನೂ ಭೇದಿಯಲ್ಲಿ ಹೋಗುವುದಕ್ಕೆ ಒಂದು 80. ಅಲ್ಲಿಗೆ 500 ಮಿಲಿಯ ಒಂದು ಬಾಟಲಿ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ, ನಿನ್ನೆ ತೆರೆದದ್ದು ಇವತ್ತಿಗಿಲ್ಲ. ಹಾಗಾಗಿ ಮರಿಗೊಂದು, ದಿನಕ್ಕೊಂದು.

ಅವತ್ತು ರಾತ್ರಿ ಕರೆಂಟಿಲ್ಲ. ಮರಿಯ ಮುಂಗಾಲಿಗೆ ಹಳದಿ ಬಣ್ಣದ ಸಣ್ಣ ಕ್ಯಾನುಲಾ, ಅದರ ಸುತ್ತ ಪ್ಲಾಸ್ಟರ್. ಬಾಟಲಿ ತಣ್ಣಗಿದ್ದರೆ ಮರಿಯ ಮೈ ಇನ್ನಷ್ಟು ತಣ್ಣಗಾಗುತ್ತದೆ ಅಂತ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಿ ತೂಗುಹಾಕುವುದು. ನನಗೆ ಕೊಟ್ಟ ಕೆಲಸ ಹನಿ ಎಣಿಸುವುದು. ಮೈಕ್ರೊ ಡ್ರಿಪ್ ಸೆಟ್‌ನಲ್ಲಿ 60 ಹನಿಗೆ ಒಂದು ಮಿಲಿ. ಒಂದು ಬಾಟಲಿ ಒಂದು ದಿನಕ್ಕೆ ಸರಿಹೋಗಬೇಕಾದರೆ ನಿಮಿಷಕ್ಕೆ 20 ಹನಿ. ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಕೈಗಡಿಯಾರ ನೋಡುತ್ತಾ ಎಣಿಸುತ್ತಿದ್ದೆ. ಒಂದು ಮರಿ ಕಾಲು ಮಡಚಿದರೆ ಹನಿ ನಿಲ್ಲುತ್ತಿತ್ತು. ಮೆಲ್ಲಗೆ ಕಾಲು ನೇರ ಮಾಡಿದರೆ ಮತ್ತೆ ಶುರು. ಐದು ಮರಿ ಮುಗಿಯುವ ಹೊತ್ತಿಗೆ ಮೊದಲನೆಯದು ಮತ್ತೆ ಕಾಲು ಮಡಚಿರುತ್ತಿತ್ತು.

ಎರಡನೇ ರಾತ್ರಿ ಒಂದು ಹೋಯಿತು. ಮೂರನೇ ರಾತ್ರಿ ಇನ್ನೊಂದು. ಐದನೇ ದಿನ ಉಳಿದ ಮೂರರಲ್ಲಿ ಕಪ್ಪು ಹೆಣ್ಣು ಮರಿ ತಲೆ ಎತ್ತಿ ನನ್ನ ಬೆರಳು ನೆಕ್ಕಿತು. ಆಮೇಲೆ ಗಂಜಿ ತಿಳಿ, ಚಮಚ ಚಮಚವಾಗಿ. 20 ಬಾಟಲಿ, ಕ್ಯಾನುಲಾ, ಸೆಟ್ಟು, ಇಂಜೆಕ್ಷನ್ ಎಲ್ಲ ಸೇರಿ 6,000ದ ಹತ್ತಿರ ಹೋಯಿತು.

ಶೆಡ್ಡು ತೊಳೆಯುವುದು ಬೇರೆಯೇ ಕೆಲಸ. ಫಿನಾಯಿಲಿಗೆ ಪಾರ್ವೊ ಸಾಯುವುದಿಲ್ಲ, ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆ ಬಿಡಬೇಕು. ಅದಕ್ಕೂ ಮೊದಲು ಸೋಪಿನಲ್ಲಿ ತಿಕ್ಕಿ ಕೊಳೆ ತೆಗೆಯಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿದುಹೋಗುತ್ತದೆ. ಮಣ್ಣಿನ ನೆಲಕ್ಕೆ ಇದು ಪ್ರಯೋಜನವಿಲ್ಲ. ಶೆಡ್ಡಿಗೆ ಸಿಮೆಂಟ್ ನೆಲ ಇದ್ದದ್ದು ನಮ್ಮ ಪುಣ್ಯ.

ಭಾನುವಾರ ಬಿಲ್ಲು ತೋರಿಸುವ ದಿನ ಒಂದು ಚರ್ಚೆಯಾಯಿತು. ಎರಡು ಮರಿ ಸತ್ತದ್ದು ಬರೆಯುವುದಾ ಬೇಡವಾ? ಅಕ್ಕನ ತಮ್ಮ ಬೇಡ ಅಂದ. "ದುಡ್ಡು ಕೊಟ್ಟವರಿಗೆ ಬೇಜಾರಾಗುತ್ತದೆ, ಉಳಿದ ಮೂರರ ಫೋಟೋ ಹಾಕುವ." ಆದರೆ ಐದು ಮರಿಗೆ ಅಂತ ಬಾಟಲಿಯ ಬಿಲ್ಲು ತೋರಿಸಿ ಮೂರು ಮರಿಯ ಫೋಟೋ ಹಾಕಿದರೆ ಮೇಷ್ಟ್ರು ಸುಮ್ನೆ ಬಿಡುತ್ತಾರೆಯೇ! ಎಲ್ಲ ಬರೆದೆ. ಪೆಟ್ಟಿಗೆ ಬಂದದ್ದು, ಯಾವ ರಾತ್ರಿ ಎಷ್ಟು ಹೋದವು, ಎಷ್ಟು ಖರ್ಚಾಯಿತು. ಒಬ್ಬರು "ಸಾಯುವ ಮರಿಗೆ ಇಷ್ಟು ಸುರಿಯಬೇಕಿತ್ತಾ" ಅಂತ ಕೇಳಿ ಆಮೇಲೆ ಮಾತು ಬಿಟ್ಟರು. ಇನ್ನು ಕೆಲವರು ಮದ್ದಿಗೆ ಅಂತ ಮತ್ತೆ ಕಳಿಸಿದರು. ಅವರಲ್ಲಿ ಇಬ್ಬರು ಈ ಹಿಂದೆ ತಮ್ಮ ಮನೆಯ ಮರಿಯನ್ನು ಪಾರ್ವೊಗೆ ಕಳೆದುಕೊಂಡವರು.

ಲಸಿಕೆಯ ದುಡ್ಡನ್ನು ಒಮ್ಮೆಲೇ ಖರ್ಚು ಮಾಡಲಿಲ್ಲ. ಅದು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಆಶ್ರಯದ ಫ್ರಿಜ್ಜು ಮಳೆಗಾಲದಲ್ಲಿ ಅರ್ಧ ದಿನ ಬಟ್ಟೆ ಇಡುವ ಕಪಾಟಿದ್ದ ಹಾಗೆ. ಡಾಕ್ಟ್ರು ಐಸ್ ಡಬ್ಬದಲ್ಲಿ ಅವತ್ತಿಗೆ ಬೇಕಾದಷ್ಟೇ ತಂದು, ಹಾಕಿ ಹೋಗುತ್ತಿದ್ದರು.

ಆಗಸ್ಟ್ 16ಕ್ಕೆ ಲೆಕ್ಕ ಮುಗಿಸಿದೆ. 45ರಲ್ಲಿ 43 ಚೌಕ ತುಂಬಿತ್ತು, 39,990. ಮದ್ದಿಗೆ ಬಂದದ್ದು 21,300. ನನ್ನ ಆ ಮೊದಲ ಮನವಿಯ 3,400 ಹಾಗೇ ಇತ್ತು. ಊಟಕ್ಕೆ ಖರ್ಚು 41,850, ಮದ್ದಿಗೆ 22,480. ಖಾಲಿ ಉಳಿದ ಎರಡು ಚೌಕ ಮತ್ತು ಮದ್ದಿನಲ್ಲಿ ಕಡಿಮೆ ಬಿದ್ದದ್ದು, ಎರಡನ್ನೂ ಆ ಮೊದಲ ದುಡ್ಡೇ ತುಂಬಿತು. "ಕರುಣಾಮಯಿಗಳೇ ಅಂತ ಬರೆದದ್ದೂ ದಂಡವಾಗಲಿಲ್ಲ ನೋಡಿ" ಅಂದರು ಮೇಷ್ಟ್ರು. ಉಳಿದದ್ದು 360 ರೂಪಾಯಿ.

ಆಗಸ್ಟ್ ಮೊದಲ ವಾರ ಬೋಟುಗಳು ಕಡಲಿಗೆ ಇಳಿದಿದ್ದವು. ಲೆಕ್ಕದ ಹಾಳೆ ಕೊಡಲು ನಾನು ಆಶ್ರಯಕ್ಕೆ ಹೋದ ಬೆಳಿಗ್ಗೆ ಮೀನಿನ ಗಾಡಿಯವ ಗೇಟಿನ ಹತ್ತಿರ ಬುಟ್ಟಿ ಇಳಿಸುತ್ತಿದ್ದ. ಬೂತಾಯಿ ತಲೆ, ಎರಡು ತಿಂಗಳ ಮೇಲೆ. ಅಡುಗೆಯ ಅಣ್ಣ ಹಂಡೆ ತೊಳೆಯುವುದನ್ನು ಬಿಟ್ಟು ಓಡಿ ಬಂದ. 360 ರೂಪಾಯಿ ಏನು ಮಾಡುವುದು ಅಂತ ಅಕ್ಕನನ್ನು ಕೇಳಿದೆ. "ಒಂದು ಬೀಗ ತನ್ನಿ, ಪಂಪ್ ಶೆಡ್ಡಿಗೆ. ಆ ಕರಿಯಳು ಬಾಗಿಲು ತಳ್ಳುವುದು ಕಲಿತಿದ್ದಾಳೆ" ಅಂದರು.